ಕಾಫಿ ಬೀಜ ಹುರಿಯುವಿಕೆಯ ರಸಾಯನ

ಒಣಗಿಸಿ ಸಿಪ್ಪೆ ತೆಗೆದ ಕಾಫಿಯ ಹಸಿ ಬೀಜವನ್ನು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ, ಕೆಲವೊಮ್ಮೆ ಅದನ್ನು ದಾಟುವವರೆಗೆ ಕಾಯಿಸಿ, ಅದಕ್ಕೆ ಬಣ್ಣ, ಪರಿಮಳ ಮತ್ತು ರುಚಿ ಬರಿಸಿ, ಪುಡಿ ಮಾಡಲು ಬರುವಷ್ಟು ಗರಿಯಾಗಿಸುವ ಕ್ರಿಯೆಯೇ ಹುರಿಯುವಿಕೆ. ಹಸಿ ಬೀಜಕ್ಕೆ ಕಾಫಿಯ ವಾಸನೆ ಇರುವುದಿಲ್ಲ. ಅದು ಬೂದುಹಸಿರು ಬಣ್ಣದ, ಒಣಹುಲ್ಲಿನ ವಾಸನೆಯ, ಹಲ್ಲಿಗೆ ಜಗ್ಗದ ಕಾಳು. ನಾವು ಕಾಫಿಯದೆಂದು ಗುರುತಿಸುವ ಪರಿಮಳ ಹುಟ್ಟುವುದು ಹುರಿಯುವ ಹತ್ತು ಹನ್ನೆರಡು ನಿಮಿಷಗಳಲ್ಲೇ.

ಹುರಿಯುವವನ ಕಣ್ಣಿಗೂ ಕಿವಿಗೂ ಸಿಗುವ ದೊಡ್ಡ ಗುರುತುಗಳು ಮೂರು. ಬೀಜ ಕಂದಾಗುತ್ತದೆ, ಬೀಜ ಸಿಡಿಯುತ್ತದೆ, ಹುರಿತ ಮುಂದುವರಿದರೆ ಬೀಜದ ಮೈಮೇಲೆ ಎಣ್ಣೆ ಒಸರುತ್ತದೆ. ಇವನ್ನು ಒಂದೇ ಬದಲಾವಣೆಯ ಮೂರು ಮೆಟ್ಟಿಲುಗಳೆಂದು ತಿಳಿಯುವುದು ರೂಢಿ. ವಾಸ್ತವದಲ್ಲಿ ಇವುಗಳ ಕಾರಣಗಳು ಬೇರೆಬೇರೆ. ಕಂದು ಬಣ್ಣ ಸಕ್ಕರೆ ಮತ್ತು ಅಮೈನೊ ಆಮ್ಲಗಳ ರಾಸಾಯನಿಕ ಕ್ರಿಯೆಯ ಫಲ. ಸಿಡಿತಕ್ಕೆ ಕಾರಣ ಒಳಗೆ ಕಟ್ಟಿಕೊಂಡ ಉಗಿ ಮತ್ತು ಅನಿಲದ ಒತ್ತಡ. ಎಣ್ಣೆ ಹೊರಬರುವುದು ಬೀಜದ ಕೋಶಗಳ ಕಟ್ಟು ಸಡಿಲವಾದುದರಿಂದ. ಮೂರಕ್ಕೂ ನಂಟು ಬೆಸೆಯುವುದು ಬೀಜದ ದಪ್ಪ ಕೋಶಭಿತ್ತಿ.

ಹಸಿ ಬೀಜದ ಒಳಗೆ

ಚಿಕ್ಕಮಗಳೂರು, ಕೊಡಗು, ಹಾಸನದ ತೋಟಗಳಲ್ಲಿ ಬೆಳೆಯುವುದು ಮುಖ್ಯವಾಗಿ ಎರಡು ಬಗೆಯ ಕಾಫಿ, ಅರೇಬಿಕಾ ಮತ್ತು ರೊಬಸ್ಟಾ. ಹಣ್ಣಿನ ತಿರುಳು ತೆಗೆದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್, ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಚೆರಿ. ಹೇಗೆ ಒಣಗಿಸಿದರೂ ಹುರಿಯುವವನ ಕೈಗೆ ಬರುವ ಬೀಜದಲ್ಲಿ ನೂರಕ್ಕೆ ಹತ್ತರಿಂದ ಹನ್ನೆರಡು ಪಾಲು ನೀರು ಇರುತ್ತದೆ. ನೀರನ್ನು ಬಿಟ್ಟರೆ ಉಳಿಯುವ ಒಣದ್ರವ್ಯದ ಅರ್ಧದಷ್ಟು ಕೋಶಭಿತ್ತಿಯ ಪಾಲಿಸ್ಯಾಕರೈಡುಗಳು. ಅರೇಬಿಕಾದಲ್ಲಿ ಸುಕ್ರೋಸ್ ಶೇ. 6ರಿಂದ 9ರಷ್ಟು, ಎಣ್ಣೆ ಶೇ. 15ರ ಆಸುಪಾಸು. ರೊಬಸ್ಟಾದಲ್ಲಿ ಇವೆರಡೂ ಕಡಿಮೆ, ಎಣ್ಣೆ ಶೇ. 10ರ ಸುಮಾರು. ಆದರೆ ಕೆಫೀನ್ ಅದರಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟಿದೆ, ಒಗರು ಕೊಡುವ ಕ್ಲೋರೊಜೆನಿಕ್ ಆಮ್ಲಗಳೂ ಹೆಚ್ಚು. ಬಿಡಿ ಅಮೈನೊ ಆಮ್ಲಗಳು ಎರಡರಲ್ಲೂ ಶೇ. 1ಕ್ಕಿಂತ ಕಡಿಮೆ. ಈ ಅಲ್ಪಾಂಶವಿಲ್ಲದೆ ಕಾಫಿಗೆ ಅದರ ಪರಿಮಳ ಬರುವುದಿಲ್ಲ.

ಬೀಜದ ರಚನೆಯನ್ನೂ ಗಮನಿಸಬೇಕು. ಕಾಫಿ ಬೀಜದ ಕೋಶಗಳ ಭಿತ್ತಿ ಅಸಾಧಾರಣ ದಪ್ಪ. ಕೋಶಗಳು ಎಡೆಬಿಡದೆ ಒತ್ತಾಗಿ ಕೂತಿರುತ್ತವೆ. ಹೀಗಾಗಿ ಹುರಿಯುವಾಗ ಪ್ರತಿಯೊಂದು ಕೋಶವೂ ತನ್ನ ನೀರು, ಸಕ್ಕರೆ, ಎಣ್ಣೆಗಳನ್ನು ಒಳಗೇ ಹಿಡಿದಿಟ್ಟುಕೊಂಡ ಪುಟ್ಟ ಪಾತ್ರೆಯಾಗಿ ಕೆಲಸ ಮಾಡುತ್ತದೆ. ಒಳಗಿನ ವಸ್ತುಗಳು ಬಿಸಿ ಗಾಳಿಗೆ ಒಡ್ಡಿಕೊಳ್ಳದೆ, ಒತ್ತಡದಲ್ಲಿ, ಒಟ್ಟಿಗೇ ಬೇಯುತ್ತವೆ. ಹಸಿ ಬೀಜವನ್ನು ಮೊದಲು ಪುಡಿ ಮಾಡಿ ಆಮೇಲೆ ಹುರಿದರೆ ಕಾಫಿಯ ಪರಿಮಳ ಸರಿಯಾಗಿ ಕೂಡದಿರುವುದಕ್ಕೆ ಈ ಕಟ್ಟು ಒಡೆದುಹೋಗುವುದೇ ಮುಖ್ಯ ಕಾರಣ.

ನೀರು ಆರುವ ಹಂತ

ಒಂದು ಕಿಲೋ ತೊಳೆದ ಅರೇಬಿಕಾ ಬೀಜವನ್ನು ಸಣ್ಣ ಡ್ರಮ್ ಯಂತ್ರದಲ್ಲಿ ಹುರಿಯುವುದನ್ನು ಉದಾಹರಣೆಯಾಗಿ ಹಿಡಿದು ಮುಂದಿನ ಸಂಗತಿಗಳನ್ನು ನೋಡಬಹುದು. ಬೀಜದ ತೇವಾಂಶ ಶೇ. 11 ಎಂದಿಟ್ಟುಕೊಳ್ಳೋಣ. ಅಂದರೆ 110 ಗ್ರಾಂ ನೀರು, 890 ಗ್ರಾಂ ಒಣದ್ರವ್ಯ. ಡ್ರಮ್ 200 ಡಿಗ್ರಿಗೆ ಕಾದಾಗ ಬೀಜ ಸುರಿದರೆ ಯಂತ್ರದ ಉಷ್ಣಮಾಪಕ ಸರ್ರನೆ ಕೆಳಗಿಳಿದು, ಒಂದೂವರೆ ನಿಮಿಷದ ಹೊತ್ತಿಗೆ 90 ಡಿಗ್ರಿಯ ಹತ್ತಿರ ನಿಂತು, ಮತ್ತೆ ಏರತೊಡಗುತ್ತದೆ. ಬೀಜದ ಬಿಸಿ ಇಳಿಯಿತೆಂದು ಇದರ ಅರ್ಥವಲ್ಲ. ಬೀಜ ಬಿದ್ದ ಕ್ಷಣದಿಂದ ಕಾಯುತ್ತಲೇ ಇರುತ್ತದೆ. ಅದುವರೆಗೆ ಬಿಸಿಗಾಳಿಯನ್ನು ಅಳೆಯುತ್ತಿದ್ದ ಕಡ್ಡಿಗೆ ತಣ್ಣನೆಯ ಬೀಜದ ರಾಶಿ ತಾಗಿದ್ದರಿಂದ ಅಂಕಿ ಇಳಿದಿದೆ, ಅಷ್ಟೆ. ಕಡ್ಡಿಯ ದಪ್ಪ, ಅದನ್ನು ಕೂರಿಸಿದ ಜಾಗ ಇವುಗಳಿಂದಲೂ ಓದು ಬದಲಾಗುತ್ತದೆ. ಆದ್ದರಿಂದ ಕಾಫಿ ಹುರಿಯುವ ಬಗ್ಗೆ ಹೇಳುವ ಯಾವ ಉಷ್ಣಾಂಶವೂ ಒಂದು ಯಂತ್ರದಿಂದ ಇನ್ನೊಂದಕ್ಕೆ ಕೆಲವು ಡಿಗ್ರಿ ಆಚೀಚೆಯಾಗುತ್ತದೆ. ಈ ಲೇಖನದ ಅಂಕಿಗಳನ್ನೂ ಹಾಗೆಯೇ ಓದಿಕೊಳ್ಳಬೇಕು.

ಮೊದಲ ನಾಲ್ಕೈದು ನಿಮಿಷ ಬೀಜ ಹೀರಿಕೊಳ್ಳುವ ಶಾಖದ ಬಹುಪಾಲು ಅದನ್ನು ಕಾಯಿಸಿ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಹಸಿರು ಮಾಸಿ, 150 ಡಿಗ್ರಿಯ ಸುಮಾರಿಗೆ ಬೀಜ ಹಳದಿಗೆ ತಿರುಗುತ್ತದೆ. ಒಣಹುಲ್ಲಿನ ವಾಸನೆ ಹೋಗಿ, ಬ್ರೆಡ್ ಬೇಯುವ ವಾಸನೆ ಬರುತ್ತದೆ. ಬೀಜ ಸ್ವಲ್ಪ ಉಬ್ಬಿ, ಮೈಗೆ ಅಂಟಿದ್ದ ತೆಳು ಪೊರೆ ಹೊಟ್ಟಾಗಿ ಹಾರತೊಡಗುತ್ತದೆ.

ಕಂದಾಗುವ ಕ್ರಿಯೆಗಳು

ಕಂದು ಬಣ್ಣದ ಮುಖ್ಯ ಮೂಲ ಮಯ್ಯಾರ್ ಕ್ರಿಯೆ. ಫ್ರಾನ್ಸಿನ ಲೂಯಿ ಕಾಮಿ ಮಯ್ಯಾರ್ 1912ರಲ್ಲಿ ಅಮೈನೊ ಆಮ್ಲಗಳನ್ನು ಸಕ್ಕರೆಯೊಡನೆ ಕಾಯಿಸಿದಾಗ ದ್ರಾವಣ ಕಂದಾಗುವುದನ್ನು ವರದಿ ಮಾಡಿದ. ಅದರ ಹಂತಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ತೋರಿಸಿದ್ದು 1953ರಲ್ಲಿ ಅಮೆರಿಕದ ಜಾನ್ ಹಾಜ್. ಇಂದಿಗೂ ಆ ನಕ್ಷೆಯೇ ಈ ವಿಷಯದ ಆಧಾರ.

ಕ್ರಿಯೆ ಶುರುವಾಗಲು ಗ್ಲೂಕೋಸ್ ಅಥವಾ ಫ್ರಕ್ಟೋಸ್‌ನಂಥ ಅಪಕರ್ಷಕ ಸಕ್ಕರೆ ಬೇಕು. ಹಸಿ ಬೀಜದಲ್ಲಿರುವುದು ಬಹುಪಾಲು ಸುಕ್ರೋಸ್; ಅದು ಅಪಕರ್ಷಕವಲ್ಲ. ಕಾವೇರಿದಂತೆ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ, ಇವು ಹುಟ್ಟುತ್ತಿದ್ದಂತೆಯೇ ಅಮೈನೊ ಆಮ್ಲಗಳಿಗೆ ಕೂಡಿಕೊಳ್ಳುತ್ತವೆ. ಕೂಡಿದ ಅಣು ಮರುಜೋಡಣೆಯಾಗಿ, ಮುರಿದು, ಬಹು ಚುರುಕಾದ ಸಣ್ಣ ತುಣುಕುಗಳನ್ನು ಕೊಡುತ್ತದೆ. ಈ ತುಣುಕುಗಳು ಮತ್ತಷ್ಟು ಅಮೈನೊ ಆಮ್ಲಗಳೊಡನೆ ಸೇರಿದಾಗ ಎರಡು ಸಂಗತಿಗಳು ಒಟ್ಟಿಗೇ ನಡೆಯುತ್ತವೆ: ಪರಿಮಳದ ಆಲ್ಡಿಹೈಡುಗಳು ಹುಟ್ಟುತ್ತವೆ, ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಸ್ಟ್ರೆಕರ್ ವಿಘಟನೆ ಎಂದು ಕರೆಯುವ ಈ ಹಂತದ ಅನಿಲವನ್ನು ನೆನಪಿಟ್ಟುಕೊಳ್ಳಬೇಕು, ಸಿಡಿತದ ಚರ್ಚೆಯಲ್ಲಿ ಅದು ಮತ್ತೆ ಬರುತ್ತದೆ. ಉಳಿದ ತುಣುಕುಗಳು ಪ್ರೋಟೀನು, ಪಾಲಿಸ್ಯಾಕರೈಡು, ಕ್ಲೋರೊಜೆನಿಕ್ ಆಮ್ಲಗಳನ್ನೂ ಸೇರಿಸಿಕೊಂಡು ದೊಡ್ಡ ಕಂದು ಅಣುಗಳಾಗುತ್ತವೆ. ಇವೇ ಮೆಲನಾಯ್ಡಿನ್‌ಗಳು. ಡಿಕಾಕ್ಷನ್ನಿನ ಬಣ್ಣವೂ, ನಾಲಿಗೆಗೆ ತಿಳಿಯುವ ಅದರ ಮಂದತನದ ಒಂದು ಪಾಲೂ ಇವುಗಳದೇ.

ಇದರ ಜೊತೆಗೆ, ಬಿಸಿ ಇನ್ನೂ ಏರಿದಾಗ, ಅಮೈನೊ ಆಮ್ಲದ ನೆರವಿಲ್ಲದೆ ಸಕ್ಕರೆ ತಾನಾಗಿಯೇ ಒಡೆದು ಕಂದಾಗುವ ಕ್ಯಾರಮೆಲ್ ಕ್ರಿಯೆಯೂ ನಡೆಯುತ್ತದೆ. ಕಾಫಿಯ ಸಿಹಿಗೆ ಇದೇ ಕಾರಣವೆಂದು ಹೇಳುವವರಿದ್ದಾರೆ. ಆ ಮಾತನ್ನು ಒಪ್ಪುವುದು ಕಷ್ಟ. ಸಾಧಾರಣ ಹದಕ್ಕೆ ಹುರಿದ ಬೀಜದಲ್ಲೇ ಸುಕ್ರೋಸ್ ಬಹುತೇಕ ಮುಗಿದಿರುತ್ತದೆ, ಕ್ಯಾರಮೆಲ್ ಆದ ಸಕ್ಕರೆ ಸಿಹಿಯನ್ನು ಕಳೆದುಕೊಂಡು ಕಹಿಯ ಕಡೆಗೆ ಸಾಗುತ್ತದೆ. ಹುರಿದ ಕಾಫಿಯಲ್ಲಿ ಸಿಹಿ ಎನಿಸುವುದು ಬಹುಮಟ್ಟಿಗೆ ಫ್ಯುರನಿಯೋಲ್‌ನಂಥ ಸಕ್ಕರೆಪಾಕದ ವಾಸನೆಯ ವಸ್ತುಗಳಿಂದ, ಅಂದರೆ ಮೂಗಿನ ಮೂಲಕ.

ಮಯ್ಯಾರ್ ಕ್ರಿಯೆಗೆ ಎರಡೂ ಕಚ್ಚಾವಸ್ತು ಬೇಕೆಂಬುದಕ್ಕೆ ಹುರಿದ ರಾಶಿಯಲ್ಲೇ ಸಾಕ್ಷಿ ಸಿಗುತ್ತದೆ. ತಣ್ಣಗಾದ ಕಂದು ಬೀಜಗಳ ನಡುವೆ ಅಲ್ಲೊಂದು ಇಲ್ಲೊಂದು ಬಿಳಿಚಿದ, ನಸುಗಂದು ಬೀಜ ಕಾಣುತ್ತದೆ. ಅದೂ ಅದೇ ಡ್ರಮ್ಮಿನಲ್ಲಿ, ಅಷ್ಟೇ ಹೊತ್ತು, ಅಷ್ಟೇ ಬಿಸಿಯಲ್ಲಿ ಹುರಿದದ್ದು. ಅದು ಬಲಿಯದ ಹಣ್ಣಿನ ಬೀಜ. ಅದರಲ್ಲಿ ಸಕ್ಕರೆಯೂ ಅಮೈನೊ ಆಮ್ಲವೂ ಸಾಲದು. ಎಷ್ಟೇ ಹುರಿದರೂ ಅದು ಪಕ್ಕದ ಬೀಜದ ಬಣ್ಣಕ್ಕೆ ಬಾರದು. ಕಡಿದರೆ ಕಾಗದ ಅಗಿದಂಥ ಸಪ್ಪೆ ರುಚಿ. ಇಂಥ ಬೀಜವನ್ನು ಹುರಿಯುವವರು ಕ್ವೇಕರ್ ಎನ್ನುತ್ತಾರೆ. ಇದನ್ನು ಹಸಿ ರಾಶಿಯಲ್ಲಿ ಕಣ್ಣಿನಿಂದ ಹೆಕ್ಕುವುದು ಕಷ್ಟ. ಕೆಂಪಗೆ ಹಣ್ಣಾದದ್ದನ್ನೇ ಆರಿಸಿ ಕುಯ್ಯಬೇಕೆಂದು ತೋಟಗಳಲ್ಲಿ ಒತ್ತಾಯ ಮಾಡುವುದರ ರಾಸಾಯನಿಕ ಅರ್ಥ ಇದು.

ಕಾಫಿಯ ವಾಸನೆಯನ್ನು ಒಂದೇ ಅಣುವಿಗೆ ಕಟ್ಟಲಾಗದು. ಹುರಿದ ಕಾಫಿಯಲ್ಲಿ ಎಂಟುನೂರಕ್ಕೂ ಹೆಚ್ಚು ಆವಿಶೀಲ ವಸ್ತುಗಳನ್ನು ಗುರುತಿಸಿದ್ದಾರೆ, ಅವುಗಳಲ್ಲಿ ಪರಿಮಳವನ್ನು ನಿರ್ಧರಿಸುವವು ಸುಮಾರು ಮೂವತ್ತು ಮಾತ್ರ. ಈ ಮೂವತ್ತರಲ್ಲಿ ಫರ್ಫ್ಯುರೈಲ್ ಥಯೋಲ್ ಎಂಬ ಗಂಧಕದ ಸಂಯುಕ್ತಕ್ಕೆ ವಿಶೇಷ ಸ್ಥಾನ. ಹರ್ಮನ್ ಸ್ಟೌಡಿಂಗರ್ ಮತ್ತು ಟಾಡಿಯಸ್ ರೈಕ್‌ಸ್ಟೈನ್ 1920ರ ದಶಕದಲ್ಲಿ ಕಾಫಿಯ ವಾಸನೆಯನ್ನು ಬಿಡಿಸುತ್ತಾ ಇದನ್ನು ಕಂಡುಕೊಂಡರು. ಮುಂದೆ ಬೇರೆ ಕೆಲಸಗಳಿಗಾಗಿ ಇಬ್ಬರಿಗೂ ನೊಬೆಲ್ ಬಂತು. ಸಿಸ್ಟೀನ್ ಎಂಬ ಗಂಧಕವುಳ್ಳ ಅಮೈನೊ ಆಮ್ಲವೂ ಕೋಶಭಿತ್ತಿಯಿಂದ ಕಳಚಿದ ಅರಾಬಿನೋಸ್ ಸಕ್ಕರೆಯೂ ಇದರ ಹುಟ್ಟಿಗೆ ಸಾಮಗ್ರಿ. ಒಂದು ಲೀಟರ್ ನೀರಿನಲ್ಲಿ ಮೈಕ್ರೊಗ್ರಾಂನ ನೂರನೇ ಒಂದು ಪಾಲಿನಷ್ಟಿದ್ದರೂ ಮೂಗು ಅದನ್ನು ಹಿಡಿಯುತ್ತದೆ. ಆದರೆ ಗಾಳಿ ತಗುಲಿದರೆ ಬೇಗ ಹಾಳಾಗುವ ವಸ್ತು ಕೂಡ ಅದೇ. ಡಬ್ಬಿ ತೆರೆದಿಟ್ಟ ಪುಡಿ ಕೆಲವೇ ದಿನಗಳಲ್ಲಿ ಘಮ ಕಳೆದುಕೊಳ್ಳುವುದರಲ್ಲಿ ಇದರ ನಷ್ಟಕ್ಕೆ ದೊಡ್ಡ ಪಾಲಿದೆ.

ಮೊದಲ ಸಿಡಿತ

ಒಂಬತ್ತು ಒಂಬತ್ತೂವರೆ ನಿಮಿಷಕ್ಕೆ, 196ರಿಂದ 205 ಡಿಗ್ರಿಯ ನಡುವೆ, ಡ್ರಮ್ಮಿನೊಳಗಿಂದ ಜೋಳದ ಅರಳು ಸಿಡಿದಂಥ ಸದ್ದು ಕೇಳುತ್ತದೆ. ಮೊದಲು ಒಂದೆರಡು, ಆಮೇಲೆ ಸಾಲಾಗಿ, ಒಂದೂವರೆ ಎರಡು ನಿಮಿಷದವರೆಗೆ. ಇದೇ ಫಸ್ಟ್ ಕ್ರ್ಯಾಕ್.

ನೀರು 100 ಡಿಗ್ರಿಯಲ್ಲಿ ಕುದಿಯುವುದಾದರೆ ಸಿಡಿತ ಇಷ್ಟು ತಡವಾಗಿ ಏಕೆ? ಬೀಜದ ನೀರು ಬಿಡಿಯಾಗಿಲ್ಲ, ಕೋಶಭಿತ್ತಿಯ ವಸ್ತುಗಳಿಗೆ ಹಿಡಿದುಕೊಂಡಿದೆ, ಸುತ್ತಲಿನ ದಪ್ಪ ಭಿತ್ತಿ ಆವಿಯನ್ನು ಸುಲಭಕ್ಕೆ ಬಿಡುವುದೂ ಇಲ್ಲ. ಮುಚ್ಚಿದ ಪಾತ್ರೆಯಲ್ಲಿ 200 ಡಿಗ್ರಿಗೆ ಕಾದ ನೀರಿನ ಉಗಿಯ ಒತ್ತಡ ವಾತಾವರಣದ ಒತ್ತಡದ ಸುಮಾರು ಹದಿನೈದು ಪಟ್ಟು. ಬೀಜದಲ್ಲಿ ಆ ಹೊತ್ತಿಗೆ ಉಳಿದಿರುವುದು ಅಲ್ಪ ನೀರಾದ್ದರಿಂದ ಒತ್ತಡ ಅಷ್ಟಿರಲಾರದು. ಆದರೂ ಅದಕ್ಕೆ ಕಂದಾಗುವ ಕ್ರಿಯೆಗಳಿಂದ ಬಂದ ಇಂಗಾಲದ ಡೈಆಕ್ಸೈಡ್ ಕೂಡಿಕೊಳ್ಳುತ್ತದೆ.

ಒತ್ತಡ ಇದ್ದ ಮಾತ್ರಕ್ಕೆ ಸಿಡಿಯುವುದಿಲ್ಲ. ಭಿತ್ತಿಯ ಸ್ಥಿತಿಯೂ ಮುಖ್ಯ. ತೇವ ಮತ್ತು ಬಿಸಿ ಎರಡೂ ಇರುವ ಮಧ್ಯದ ಹಂತದಲ್ಲಿ ಭಿತ್ತಿ ರಬ್ಬರಿನ ಗುಣ ಪಡೆದು ಹಿಗ್ಗುತ್ತದೆ, ಬೀಜ ಸದ್ದಿಲ್ಲದೆ ಉಬ್ಬುತ್ತದೆ. ನೀರು ಆರುತ್ತಾ ಬಂದಂತೆ ಅದೇ ಭಿತ್ತಿ ಬಿರುಸಾಗುತ್ತದೆ. ಹಿಗ್ಗಲಾರದ ಭಿತ್ತಿಯನ್ನು ಒಳಗಿನ ಒತ್ತಡ ಮೀರಿದಾಗ ಅದು ಬಿರಿಯುತ್ತದೆ. ಬೀಜದ ನಡುಗೆರೆ ಅಗಲವಾಗಿ ತೆರೆದುಕೊಂಡು, ಅದರೊಳಗೆ ಸಿಕ್ಕಿಕೊಂಡಿದ್ದ ಹೊಟ್ಟು ಹೊರಬರುತ್ತದೆ, ಉಗಿ ಒಮ್ಮೆಲೇ ಹಾರುತ್ತದೆ. ಬೀಜಗಳು ಒಂದೇ ಗಾತ್ರದವಲ್ಲ, ಒಂದೇ ತೇವದವೂ ಅಲ್ಲ, ಆದ್ದರಿಂದ ಸದ್ದು ಒಂದೇ ಸಲ ಬರದೆ ಹರಡಿಕೊಳ್ಳುತ್ತದೆ. ಗೋದಾಮಿನಲ್ಲಿ ಬಹಳ ಕಾಲ ಕೂತು ತೇವ ಕಳೆದುಕೊಂಡ ಬೀಜದ ಸಿಡಿತ ಮೆತ್ತಗಿರುತ್ತದೆ.

ಈ ಹಂತದಲ್ಲೇ ಹುರಿಯುವವರು ಹೆಚ್ಚಾಗಿ ಎಡವುವುದು. ಸಿಡಿತದ ಆಸುಪಾಸಿನಲ್ಲಿ ಬೀಜದ ಒಳಗಿನ ಕೆಲವು ಕ್ರಿಯೆಗಳು ತಾವೇ ಶಾಖ ಬಿಡತೊಡಗುತ್ತವೆ, ಹಾರುವ ಉಗಿ ಸ್ವಲ್ಪ ಶಾಖವನ್ನು ಹೊತ್ತೊಯ್ಯುತ್ತದೆ. ಉರಿಯನ್ನು ಹೆಚ್ಚಾಗಿ ಬಿಟ್ಟಿದ್ದರೆ ಸಿಡಿತದ ನಂತರ ಬಿಸಿ ಕೈಮೀರಿ ಓಡುತ್ತದೆ. ಹೆದರಿ ಉರಿಯನ್ನು ಪೂರ್ತಿ ತಗ್ಗಿಸಿದರೆ ಬಿಸಿಯ ಏರಿಕೆ ನಿಂತುಹೋಗಿ, ಬೀಜ ಹುರಿಯುವ ಬದಲು ಬೆಂದಂತಾಗಿ, ಕಾಫಿ ಚಪ್ಪಟೆಯಾಗುತ್ತದೆ. ಹುಳಿಯೂ ಇಲ್ಲ, ಘಮವೂ ಇಲ್ಲ. ಅವಸರದಲ್ಲಿ ಹುರಿದದ್ದನ್ನು ಕಂಡುಹಿಡಿಯಲು ಸುಲಭದ ಪರೀಕ್ಷೆಯಿದೆ. ಇಡೀ ಬೀಜದ ಬಣ್ಣವನ್ನು ಅದೇ ಬೀಜದ ಪುಡಿಯ ಬಣ್ಣದ ಪಕ್ಕದಲ್ಲಿಟ್ಟು ನೋಡಬೇಕು. ಪುಡಿ ಬಹಳ ತಿಳಿಯಾಗಿದ್ದರೆ ಹೊರಮೈ ಮಾತ್ರ ಹುರಿದು ತಿರುಳು ಹಿಂದುಳಿದಿದೆ ಎಂದರ್ಥ. ಅಂಥ ಕಾಫಿಯಲ್ಲಿ ಹೊರಮೈಯ ಸೀದ ಕಹಿಯೂ ತಿರುಳಿನ ಹಸಿ ಒಗರೂ ಒಂದೇ ಲೋಟದಲ್ಲಿ ಸಿಗುತ್ತವೆ.

ನಮ್ಮ ಉದಾಹರಣೆಯ ಬೀಜವನ್ನು 212 ಡಿಗ್ರಿಗೆ, ಹನ್ನೊಂದೂವರೆ ನಿಮಿಷಕ್ಕೆ ಹೊರಸುರಿದು ಗಾಳಿಯಲ್ಲಿ ತಣಿಸಿದರೆ ಸಿಗುವುದು ಮೀಡಿಯಂ ರೋಸ್ಟ್. ತೂಕ 850 ಗ್ರಾಮಿನಷ್ಟು. ಅದರಲ್ಲಿ ಶೇ. 2ರಷ್ಟು, ಅಂದರೆ 17 ಗ್ರಾಂ, ತೇವ. ಉಳಿದ ಒಣದ್ರವ್ಯ 833 ಗ್ರಾಂ. ಕಳೆದುಹೋದ 150 ಗ್ರಾಮಿನಲ್ಲಿ 93 ಗ್ರಾಂ ಮೊದಲಿನಿಂದ ಇದ್ದ ನೀರು. ಇನ್ನುಳಿದ 57 ಗ್ರಾಂ ಇಂಗಾಲದ ಡೈಆಕ್ಸೈಡ್, ಕ್ರಿಯೆಗಳಲ್ಲಿ ಹೊಸದಾಗಿ ಹುಟ್ಟಿದ ನೀರು, ಹೊಟ್ಟು ಮತ್ತು ಹೊಗೆಯಾಗಿ ಹೋದ ಒಣದ್ರವ್ಯ. ತೂಕ ಇಳಿದರೂ ಗಾತ್ರ ಒಂದೂವರೆ ಪಟ್ಟಿಗೂ ಹೆಚ್ಚಾಗಿರುತ್ತದೆ.

ಹುಳಿ ಮತ್ತು ಕಹಿ

ಸಿಡಿತದ ನಂತರದ ಪ್ರತಿ ನಿಮಿಷವೂ ಹುಳಿ ಮತ್ತು ಕಹಿಯ ತೂಕವನ್ನು ಬದಲಿಸುತ್ತದೆ. ಸಕ್ಕರೆ ಒಡೆದಾಗ ಅಸಿಟಿಕ್, ಫಾರ್ಮಿಕ್ ಆಮ್ಲಗಳು ಹುಟ್ಟಿ, ಲೈಟ್ ಹಾಗೂ ಮೀಡಿಯಂ ಹದದ ನಡುವೆ ತುದಿ ಮುಟ್ಟಿ, ಆಮೇಲೆ ಆವಿಯಾಗಿ ಕಡಿಮೆಯಾಗುತ್ತವೆ. ಕ್ಲೋರೊಜೆನಿಕ್ ಆಮ್ಲಗಳು ಮೊದಲಿನಿಂದಲೂ ಕರಗುತ್ತಾ ಬಂದು, ಮೀಡಿಯಂ ಹದದಲ್ಲಿ ಅರ್ಧಕ್ಕಿಂತ ಹೆಚ್ಚು ನಾಶವಾಗಿ, ಕಡುಹುರಿತದಲ್ಲಿ ಹೆಸರಿಗಷ್ಟೇ ಉಳಿಯುತ್ತವೆ. ಅವು ಮೊದಲು ನೀರು ಬಿಟ್ಟುಕೊಟ್ಟು ಲ್ಯಾಕ್ಟೋನುಗಳಾಗುತ್ತವೆ. ಹದವಾದ, ಹಿತವಾದ ಕಹಿ ಇವುಗಳದು. ಹುರಿತ ಮುಂದುವರಿದರೆ ಇವೂ ಒಡೆದು ಫಿನೈಲಿಂಡೇನುಗಳು ಬರುತ್ತವೆ. ಗಂಟಲಲ್ಲಿ ನಿಲ್ಲುವ ಒರಟು ಕಹಿ ಇವುಗಳಿಂದ. ಕಹಿಗೆಲ್ಲ ಕೆಫೀನ್ ಕಾರಣವೆಂಬ ನಂಬಿಕೆಗೆ ಆಧಾರ ಕಡಿಮೆ. ಹುರಿಯುವಾಗ ಕೆಫೀನ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ, ಆದರೆ ಕಹಿ ಹದದೊಂದಿಗೆ ಏರುತ್ತಲೇ ಹೋಗುತ್ತದೆ.

ಎರಡನೆಯ ಸಿಡಿತ ಮತ್ತು ಎಣ್ಣೆ

ಬೀಜವನ್ನು 212ಕ್ಕೆ ಇಳಿಸದೆ ಮುಂದುವರಿಸಿದರೆ 225 ಡಿಗ್ರಿಯ ಆಸುಪಾಸಿಗೆ ಮತ್ತೊಂದು ಸದ್ದು ಬರುತ್ತದೆ. ಇದು ತೆಳುವಾದ, ಒಂದರ ಹಿಂದೊಂದು ಬೇಗಬೇಗನೆ ಬರುವ ಚಿಟಿಚಿಟಿ. ಈಗ ನೀರು ಬಹುಪಾಲು ಮುಗಿದಿದೆ. ಒತ್ತಡ ಇಂಗಾಲದ ಡೈಆಕ್ಸೈಡಿನದು, ಬಿರಿಯುವುದು ಸುಟ್ಟು ದುರ್ಬಲವಾದ ಕೋಶಭಿತ್ತಿ. ಮೇಲ್ಮೈಯಿಂದ ಬಿಲ್ಲೆಯಾಕಾರದ ಚೂರುಗಳು ಹಾರುವುದೂ ಉಂಟು. ನೀಲಿ ಛಾಯೆಯ ಹೊಗೆ ಏಳುತ್ತದೆ. ಇಲ್ಲಿಂದ ಮುಂದೆ ಕಣ್ಣು ತಪ್ಪಿದರೆ ಡ್ರಮ್ಮಿನಲ್ಲಿ ಬೆಂಕಿ ಹೊತ್ತಿಕೊಳ್ಳುವ ಅಪಾಯ ನಿಜವಾದದ್ದು.

ಎಣ್ಣೆ ಕಾಣುವುದು ಈ ಹಂತದಲ್ಲಿ. ಹುರಿಯುವುದರಿಂದ ಎಣ್ಣೆ ಹೊಸದಾಗಿ ಹುಟ್ಟುತ್ತದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಮ್ಮ ಒಂದು ಕಿಲೋ ಬೀಜದ 890 ಗ್ರಾಂ ಒಣದ್ರವ್ಯದಲ್ಲಿ ಶೇ. 15ರಂತೆ 133 ಗ್ರಾಂ ಎಣ್ಣೆ ಮೊದಲೇ ಇತ್ತು. ಕಡುಹದಕ್ಕೆ ಹುರಿದು ಒಟ್ಟು ತೂಕ 800 ಗ್ರಾಮಿಗೆ, ಒಣದ್ರವ್ಯ 788ಕ್ಕೆ ಇಳಿದಾಗಲೂ ಎಣ್ಣೆ ಸುಮಾರಾಗಿ ಅಷ್ಟೇ ಇದೆ. ಉಳಿದದ್ದು ಕರಗಿದ್ದರಿಂದ ಅದರ ಪಾಲು ಶೇ. 17ರ ಹತ್ತಿರಕ್ಕೆ ಏರಿದಂತೆ ಕಾಣುತ್ತದೆ.

ಬದಲಾಗುವುದು ಎಣ್ಣೆ ಇರುವ ಜಾಗ. ಹಸಿ ಬೀಜದಲ್ಲಿ ಅದು ಪ್ರೋಟೀನು ಪೊರೆಯುಳ್ಳ ಅತಿಸಣ್ಣ ಹನಿಗಳಾಗಿ, ಕೋಶಭಿತ್ತಿಯ ಒಳಬದಿಗೆ ಒತ್ತಿಕೊಂಡು ಕೂತಿರುತ್ತದೆ. ಕಾವಿಗೆ ಪೊರೆ ಒಡೆದು, ಹನಿಗಳು ಒಂದರೊಳಗೊಂದು ಕೂಡಿ, ತೆಳುವಾಗಿ ಹರಿಯುವ ದ್ರವವಾಗುತ್ತವೆ. ಅದೇ ಹೊತ್ತಿಗೆ ಭಿತ್ತಿಯ ವಸ್ತು ಕರಗುತ್ತಾ ಸೂಕ್ಷ್ಮ ರಂಧ್ರಗಳು ಅಗಲವಾಗುತ್ತವೆ. ದಾರಿ ತೆರೆದಿದೆ, ಹಿಂದಿನಿಂದ ಇಂಗಾಲದ ಡೈಆಕ್ಸೈಡ್ ತಳ್ಳುತ್ತಿದೆ. ಎಣ್ಣೆ ಮೊದಲು ಬೀಜದ ಮೈಮೇಲೆ ಅಲ್ಲಲ್ಲಿ ಚುಕ್ಕೆಗಳಾಗಿ ಕಾಣಿಸಿಕೊಂಡು, ಆಮೇಲೆ ಹರಡಿ ಹೊಳೆಯುವ ಪದರವಾಗುತ್ತದೆ. ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 2000ರ ಸುಮಾರಿಗೆ ನಡೆದ ಅಧ್ಯಯನಗಳು ಒಂದು ಉಪಯುಕ್ತ ಸಂಗತಿಯನ್ನು ತೋರಿಸಿದವು. ಹೆಚ್ಚಿನ ಬಿಸಿಯಲ್ಲಿ ಬೇಗನೆ ಹುರಿದ ಬೀಜ, ಕಡಿಮೆ ಬಿಸಿಯಲ್ಲಿ ನಿಧಾನವಾಗಿ ಅದೇ ಬಣ್ಣಕ್ಕೆ ಬಂದ ಬೀಜಕ್ಕಿಂತ ಹೆಚ್ಚು ಉಬ್ಬುತ್ತದೆ, ಅದರ ರಂಧ್ರಗಳು ದೊಡ್ಡವು, ಅದರಿಂದ ಎಣ್ಣೆಯೂ ಹೆಚ್ಚು ಒಸರುತ್ತದೆ. ಅಂದರೆ ಎರಡು ಬೀಜಗಳ ಬಣ್ಣ ಒಂದೇ ಆಗಿದ್ದರೂ ಹೊಳಪು ಒಂದೇ ಆಗಿರಬೇಕಿಲ್ಲ.

ಒಸರುವುದು ಡ್ರಮ್ಮಿಗೇ ಮುಗಿಯುವುದಿಲ್ಲ. ಹುರಿದ ಒಂದು ಕಿಲೋ ಬೀಜದಲ್ಲಿ 5ರಿಂದ 10 ಲೀಟರಿನಷ್ಟು ಅನಿಲ ಸಿಕ್ಕಿಕೊಂಡಿದ್ದು, ದಿನಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಪೊಟ್ಟಣಗಳಿಗೆ ಒಳಗಿನ ಗಾಳಿಯನ್ನು ಮಾತ್ರ ಹೊರಬಿಡುವ ಕವಾಟ ಇಡುವುದು ಇದಕ್ಕಾಗಿಯೇ. ಎರಡನೆಯ ಸಿಡಿತದ ಹೊಸ್ತಿಲಲ್ಲಿ ಇಳಿಸಿದ ಬೀಜ ತಣಿಸುವಾಗ ಒಣಗಿದಂತೆ ಕಂಡು, ಕೆಲವು ದಿನಗಳ ಮೇಲೆ ಎಣ್ಣೆ ಚುಕ್ಕೆಗಳನ್ನು ತೋರಿಸುವುದು ಅನಿಲ ಎಣ್ಣೆಯನ್ನು ತಳ್ಳುತ್ತಲೇ ಇರುವುದರಿಂದ. ಬಿಸಿಲು ಬೀಳುವ ಜಾಗದಲ್ಲಿ ಇಟ್ಟರೆ ಇದು ಇನ್ನೂ ಬೇಗ.

ಎಣ್ಣೆ ಒಳಗಿದ್ದಾಗ ಪರಿಮಳದ ವಸ್ತುಗಳನ್ನು ಕರಗಿಸಿಟ್ಟುಕೊಂಡು ಕಾಪಾಡುತ್ತದೆ. ಹೊರಬಂದು ಗಾಳಿಗೆ ಸಿಕ್ಕಿದರೆ ಅದರಲ್ಲಿರುವ ಲಿನೋಲಿಯಿಕ್ ಆಮ್ಲ ಆಮ್ಲಜನಕದೊಡನೆ ಸೇರಿ ಕಮಟು ಹಿಡಿಯುತ್ತದೆ. ಹೊಳೆಯುವ ಬೀಜವೇ ತಾಜಾ ಎಂದು ಆರಿಸಿಕೊಳ್ಳುವ ರೂಢಿ ಈ ಕಾರಣಕ್ಕೆ ತಪ್ಪು. ಕಡುಹುರಿದ ಬೀಜ ಇಳಿಸಿದ ದಿನವೇ ಹೊಳೆಯುತ್ತದೆ, ಮೀಡಿಯಂ ಹದದ ಬೀಜ ಹೊಳೆಯುತ್ತಿದ್ದರೆ ಅದು ಬಹುಶಃ ಹಳೆಯದು, ಕಮಟು ಹಿಡಿದ ಬೀಜವೂ ಹಾಗೆಯೇ ಹೊಳೆಯುತ್ತದೆ. ಕಾಫಿ ಕೊಳ್ಳುವಾಗ ಹುರಿದ ದಿನ ಯಾವುದೆಂದು ಅಂಗಡಿಯಲ್ಲಿ ಕೇಳಿ ತಿಳಿದುಕೊಳ್ಳಿ, ಎಣ್ಣೆ ಬಿಟ್ಟ ಬೀಜವಾದರೆ ಒಂದೆರಡು ವಾರಕ್ಕೆ ಬೇಕಾಗುವಷ್ಟನ್ನೇ ಪುಡಿ ಮಾಡಿಸಿ.